ಕರೆಂಟ್ ಬಿಲ್ಲಿನ ಪಾಠ

"ಎಲ್ಲರೂ ತಮ್ಮ ತಮ್ಮ ಮೊಬೈಲಿನಲ್ಲಿ ಆಪ್ ತೆರೆಯಿರಿ." ನನ್ನ ಕೈಗೆ ಬಂದ ತರಬೇತಿ ಪಠ್ಯದ ಮೊದಲ ಸಾಲು ಇದು. ಕಾಗಾಲದ ಮಹಿಳಾ ಸಂಘವೊಂದಕ್ಕೆ ಫೋನಿನಲ್ಲಿ ಕರೆಂಟ್ ಬಿಲ್ಲು ಕಟ್ಟುವುದನ್ನು ಕಲಿಸಬೇಕು, ಪಠ್ಯವನ್ನು ಸ್ವಲ್ಪ ನಮ್ಮ ಕಡೆಯ ಮಾತಿಗೆ ತಂದುಕೊಡಿ ಎಂದು ಯಾರೋ ಕಳಿಸಿಕೊಟ್ಟಿದ್ದರು. ನಾನು ಕನ್ನಡ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು. ಊರವರಿಗೆ ಈಗಲೂ ಅಕ್ಕೋರು. ಅಕ್ಕೋರಿಗೆ ಬಿಡುವಿದೆ ಎಂಬುದು ಕುಮಟಾ ತಾಲೂಕಿಗೆಲ್ಲ ಗೊತ್ತಿರುವ ಸಂಗತಿ.

ಪಠ್ಯದಲ್ಲಿ ತಪ್ಪೇನೂ ಇರಲಿಲ್ಲ. ಇಲ್ಲಿ ಒತ್ತಿ, ಅಲ್ಲಿ ಒತ್ತಿ, ಮುಂದಕ್ಕೆ ಹೋಗಿ ಎಂದು ಗುಂಡಿಗಳ ಪಟ್ಟಿ ಚೆನ್ನಾಗಿಯೇ ಇತ್ತು. ಆದರೆ "ತಮ್ಮ ತಮ್ಮ ಮೊಬೈಲ್" ಎಂಬಲ್ಲಿಗೇ ಕಾಗಾಲದ ಅರ್ಧ ಸಂಘ ಹೊರಗೆ ಉಳಿಯುತ್ತದೆ ಎಂಬುದು ಬರೆದವರಿಗೆ ತಿಳಿದಿರಲಿಲ್ಲ. ಕೆಲವರ ಬಳಿ ಇರುವುದು ಗುಂಡಿ ಒತ್ತುವ ಹಳೆಯ ಫೋನು. ಕೆಲವರ ಮನೆಯಲ್ಲಿ ದೊಡ್ಡ ಫೋನಿದೆ, ಅದು ಹಗಲಿಡೀ ಗಂಡನ ಜೊತೆ ದೋಣಿಯಲ್ಲೋ ಕುಮಟೆಯಲ್ಲೋ ಇರುತ್ತದೆ. ಇನ್ನು ಕೆಲವರ ಫೋನು ಅವರದೇ, ಅದರೊಳಗಿನ ಯುಪಿಐ ಮಾತ್ರ ಮಗನದು.

ಗುಂಡಿಗಳ ಪಟ್ಟಿಯನ್ನು ಪಕ್ಕಕ್ಕಿಟ್ಟೆ. ಒತ್ತುವುದು ಎಲ್ಲಿ ಎಂಬುದಕ್ಕಿಂತ ನಿಲ್ಲುವುದು ಎಲ್ಲಿ ಎಂಬುದನ್ನು ಬರೆಯಬೇಕು ಅನ್ನಿಸಿತು. ಒತ್ತುವ ಜಾಗ ಆಪಿನಿಂದ ಆಪಿಗೆ ಬೇರೆ. ಹೊಸ ಆವೃತ್ತಿ ಬಂದರೆ ನಿನ್ನೆ ಮೇಲಿದ್ದದ್ದು ಇವತ್ತು ಕೆಳಗೆ. ಕೈ ತಡೆದು ಕಣ್ಣಿಟ್ಟು ನೋಡಬೇಕಾದ ಜಾಗಗಳು ಮಾತ್ರ ಯಾವ ಆಪಿನಲ್ಲೂ ಅವೇ.

ಮೊದಲ ನಿಲುಗಡೆ ಫೋನಿಗಿಂತ ಮುಂಚೆಯೇ ಬರುತ್ತದೆ. ಅದು ಕಾಗದ. ಮೀಟರ್ ಓದುವವನು ಸೊಂಟದ ಮಷಿನ್ನಿನಿಂದ ಹರಿದು ಕೊಡುವ ಆ ಉದ್ದನೆಯ ಚೀಟಿ ಹೆಚ್ಚು ದಿನ ಬಾಳುವುದಿಲ್ಲ. ಶಾಖಕ್ಕೆ ಅಕ್ಷರ ಮೂಡುವ ಕಾಗದ ಅದು, ಅದೇ ಶಾಖಕ್ಕೆ ಕಪ್ಪಾಗುತ್ತದೆ, ನಮ್ಮ ಕರಾವಳಿಯ ಮಳೆಗಾಲದ ತೇವಕ್ಕೆ ಮಾಸುತ್ತದೆ. ಒಲೆಯ ಗೋಡೆಯ ಮೊಳೆಗೆ ಸಿಕ್ಕಿಸಿದ ಬಿಲ್ಲಿನ ಮೇಲೆ ಎರಡು ತಿಂಗಳಿಗೆ ಏನೂ ಉಳಿದಿರುವುದಿಲ್ಲ. ಹಾಗಾಗಿ ಪಾಠದ ಮೊದಲ ಕೆಲಸಕ್ಕೆ ಫೋನೇ ಬೇಡ. ಹೊಸ ಬಿಲ್ಲು ತನ್ನಿ, ಅದರಲ್ಲಿರುವ ಅಕೌಂಟ್ ಐಡಿಯನ್ನು ಹುಡುಕಿ, ಸಂಘದ ಪಾಸ್‌ಬುಕ್ಕಿನ ಕೊನೆಯ ಪುಟದಲ್ಲಿ ಪೆನ್ನಿನಲ್ಲಿ ಬರೆದುಕೊಳ್ಳಿ.

ಬಿಲ್ಲಿನ ಮೇಲೆ ಎರಡು ಸಂಖ್ಯೆಗಳಿವೆ. ಒಂದು ಆರ್‌ಆರ್ ನಂಬರ್. ಅಕ್ಷರವೂ ಅಂಕಿಯೂ ಕೂಡಿದ್ದು, ಮೀಟರ್ ಬೋರ್ಡಿನ ಮೇಲೆ ಬಣ್ಣದಲ್ಲಿ ಬರೆದಿರುತ್ತಾರಲ್ಲ, ಅದು. ಅಜ್ಜನ ಕಾಲದಿಂದ ಲೈನ್‌ಮನ್‌ಗೆ ಹೇಳುತ್ತ ಬಂದ ನಂಬರ್ ಆದ್ದರಿಂದ ಎಲ್ಲರ ಬಾಯಲ್ಲೂ ಬರುವುದು ಅದೇ. ಇನ್ನೊಂದು ಬರೀ ಅಂಕಿಗಳ ಉದ್ದನೆಯ ಅಕೌಂಟ್ ಐಡಿ. ಆಪ್ ಕೇಳುವಾಗ ಈ ಎರಡನೆಯದನ್ನು ಕೊಟ್ಟರೆ ಗೊಂದಲ ಕಡಿಮೆ. ಬರೆದುಕೊಳ್ಳುವಾಗ ಮೂರು ಮೂರು ಅಂಕಿಯಾಗಿ ಒಬ್ಬರು ಓದಬೇಕು, ಇನ್ನೊಬ್ಬರು ಬರೆಯಬೇಕು, ಬರೆದವರು ತಿರುಗಿ ಓದಿ ಹೇಳಬೇಕು. ಮಸುಕು ಮುದ್ರಣದಲ್ಲಿ ಎಂಟು ಸೊನ್ನೆಯಾಗಿ ಕಾಣುತ್ತದೆ, ಆರು ಎಂಟಾಗಿ ಕಾಣುತ್ತದೆ. ಒಂದು ಅಂಕಿ ಬದಲಾದರೆ ಒಂದೋ ಆಪ್ ಅಂಥ ನಂಬರೇ ಇಲ್ಲ ಅನ್ನುತ್ತದೆ, ಇಲ್ಲವೋ ಯಾರದೋ ಮನೆಯ ಬಿಲ್ಲು ತಂದು ನಿಮ್ಮ ಮುಂದಿಡುತ್ತದೆ. ಮೊದಲನೆಯದರಿಂದ ತೊಂದರೆಯಿಲ್ಲ. ಎರಡನೆಯದಕ್ಕೆ ಮುಂದೆ ಮದ್ದಿದೆ.

ಸಂಘದ ಸಭೆಯಲ್ಲಿ ಇಷ್ಟು ಹೇಳುವ ಹೊತ್ತಿಗೆ ಹಿಂದಿನ ಸಾಲಿನಿಂದ ಒಂದು ಮಾತು ಬಂತು. "ಅಕ್ಕೋರೆ, ನಂಗೆ ಬಿಲ್ಲೇ ಬರೂದಿಲ್ಲ. ಸೊನ್ನೆ ಬತ್ತದೆ. ನಾ ಎಂತಕ್ಕೆ ಕಲಿಯೂದು?"

ನ್ಯಾಯವಾದ ಪ್ರಶ್ನೆ. ಕಳಿಸಿದ ಪಠ್ಯದಲ್ಲಿ ಇದಕ್ಕೆ ಉತ್ತರವಿರಲಿಲ್ಲ. 2023ರ ಜುಲೈ ತಿಂಗಳ ಬಳಕೆಯಿಂದ, ಅಂದರೆ ಆಗಸ್ಟಿನಲ್ಲಿ ಬಂದ ಬಿಲ್ಲಿನಿಂದ ಗೃಹಜ್ಯೋತಿ ಶುರುವಾದ ಮೇಲೆ ಸಣ್ಣ ಮನೆಗಳಿಗೆ ಹೆಚ್ಚಿನ ತಿಂಗಳು ಸೊನ್ನೆ ಬಿಲ್ಲೇ. ಆದರೆ ಇನ್ನೂರು ಯೂನಿಟ್ ಎಲ್ಲರಿಗೂ ಪುಕ್ಕಟೆ ಎಂದು ತಿಳಿದವರು ಊರಲ್ಲಿ ಬಹಳ ಮಂದಿ. ಇನ್ನೂರು ಎಂಬುದು ಮೇಲಿನ ಗಡಿ. ಒಳಗೆ ಒಂದೊಂದು ಮನೆಗೂ ಅದರದೇ ಬೇರೆ ಗಡಿ ಇದೆ. 2022–23ರಲ್ಲಿ ಆ ಮನೆ ತಿಂಗಳಿಗೆ ಸರಾಸರಿ ಎಷ್ಟು ಯೂನಿಟ್ ಉರಿಸಿತ್ತೋ ಅದಕ್ಕೆ ನೂರಕ್ಕೆ ಹತ್ತರಷ್ಟು ಸೇರಿಸಿದ ಲೆಕ್ಕ. ಸರಾಸರಿ ನಲವತ್ತೆಂಟಕ್ಕಿಂತ ಕಡಿಮೆಯಿದ್ದ ಮನೆಗಳಿಗೆ ಅದು ತೀರ ಸಣ್ಣದಾಯಿತೆಂದು 2024ರ ಜನವರಿಯಲ್ಲಿ ಸರ್ಕಾರ ಬದಲಿಸಿ, ನೂರಕ್ಕೆ ಹತ್ತರ ಬದಲು ಹತ್ತು ಯೂನಿಟ್ ಸೇರಿಸಿಕೊಟ್ಟಿತು.

ಸೊನ್ನೆ ಬಿಲ್ಲಿನ ಆ ಅಕ್ಕನ ಲೆಕ್ಕವನ್ನೇ ಹಲಗೆಯ ಮೇಲೆ ಬರೆದೆವು. ಹಳೆಯ ಸರಾಸರಿ 42. ಹತ್ತು ಸೇರಿದರೆ 52. ಅದು ಅವರ ಮನೆಯ ಗಡಿ. ಮಾಡಿನ ಕೆಳಗೆ ನಾಲ್ಕು ಬಲ್ಬು, ಎರಡು ಫ್ಯಾನು, ಟಿ.ವಿ. ಇದ್ದಷ್ಟು ದಿನ ನಲವತ್ತೈದು ದಾಟುತ್ತಿರಲಿಲ್ಲ. ಮೇ ತಿಂಗಳಲ್ಲಿ ಮಗಳು ಬಾಣಂತನಕ್ಕೆ ಬಂದಳು. ಹಗಲೂ ರಾತ್ರಿ ಫ್ಯಾನು, ಮಿಕ್ಸಿ, ಮಗುವಿಗೆ ಬಿಸಿನೀರು. ಮೀಟರು 61 ತೋರಿಸಿತು. ಗಡಿ ದಾಟಿದ್ದು ಒಂಬತ್ತು ಯೂನಿಟ್ಟು, ಆ ಒಂಬತ್ತಕ್ಕೆ ಮಾತ್ರ ದುಡ್ಡು. ಯೂನಿಟ್ಟಿಗೆ ಆರು ರೂಪಾಯಿ ಆಸುಪಾಸು, ಮೇಲೆ ತೆರಿಗೆ ಇತ್ಯಾದಿ ಸೇರಿ ಅರವತ್ತು ರೂಪಾಯಿಯ ಹತ್ತಿರ. ಒಂದು ವೇಳೆ ಮೀಟರು ಇನ್ನೂರು ದಾಟಿದ್ದರೆ ಒಂಬತ್ತರ ಮಾತಿಲ್ಲ, ಪೂರ್ತಿ ಬಿಲ್ಲನ್ನೇ ಕಟ್ಟಬೇಕು.

"ಅರವತ್ ರೂಪಾಯಿ ಅಲ್ದಾ, ಮುಂದಿನ ತಿಂಗ್ಳು ನೋಡುವಾ" ಎಂದು ಬಿಟ್ಟರೆ ಬಾಕಿ ನಿಲ್ಲುತ್ತದೆ. ಮುಂದಿನ ತಿಂಗಳು ಬಳಕೆ ಸೊನ್ನೆ ಬಿಲ್ಲಿನ ಮಟ್ಟಕ್ಕೆ ಇಳಿದರೂ ಹಳೆಯ ಬಾಕಿ ಸೊನ್ನೆಯಾಗುವುದಿಲ್ಲ. ಗೃಹಜ್ಯೋತಿ ಬಂದ ಮೇಲೆ ಬಿಲ್ಲು ದೊಡ್ಡದಾಗಿ, ತಪ್ಪದೆ ಬರುವುದು ನಿಂತು, ಸಣ್ಣದಾಗಿ, ಯಾವಾಗಲೋ ಬರುವುದು ಶುರುವಾಯಿತು. ಅಂಥದ್ದೇ ಮರೆಯುವುದು ಸುಲಭ. ಅಂಥದ್ದಕ್ಕೆ ಕುಮಟೆಯವರೆಗೆ ಹೋಗುವುದೇ ಕಷ್ಟ.

ಕುಮಟೆಗೆ ಹೋಗುವುದು ಕಷ್ಟ ಅಂದೆನಲ್ಲ, ಸಂಘದಲ್ಲಿ ಆ ಮಾತಿಗೆ ಎಲ್ಲರ ಒಪ್ಪಿಗೆ ಸಿಗಲಿಲ್ಲ. ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಪುಕ್ಕಟೆ. ಹೊತ್ತು ಪುಕ್ಕಟೆಯಲ್ಲ, ನಿಜ. ಇಳಿತದ ಹೊತ್ತಿಗೆ ಅಘನಾಶಿನಿಗೆ ಬಳಚು ಹೆಕ್ಕಲು ಇಳಿಯುವವರಿಗೆ ಆ ಎರಡು ಮೂರು ತಾಸು ತಪ್ಪಿದರೆ ಆ ದಿನದ ಗಳಿಕೆಯೇ ಇಲ್ಲ. ಗಜನಿಯಲ್ಲಿ ಕಗ್ಗ ಭತ್ತದ ಕೊಯ್ಲಿದ್ದಾಗಲೂ ಅಷ್ಟೆ. ಆದರೆ ಹಿರಿಯರೊಬ್ಬರು ಕವಳ ಅಗಿಯುತ್ತ ಹೇಳಿದರು: "ಬಿಲ್ಲು ಕಟ್ಟೂಕೆ ಹೋಗ್ತೆ ಅಂದ್ರೆ ಮನೆಲಿ ಯಾರೂ ಬೇಡ ಅನ್ನೂದಿಲ್ಲ. ಇದೂ ಫೋನಲ್ಲೇ ಆಗೋದ್ರೆ ನಾ ಪೇಟೆಗೆ ಹೋಪುದು ಎಂತ ಹೇಳಿ?" ಎಲ್ಲರೂ ನಕ್ಕರು. ನಾನೂ ನಕ್ಕೆ. ಡಿಜಿಟಲ್ ಪಾವತಿಯ ಲಾಭಗಳನ್ನು ಪಟ್ಟಿ ಮಾಡುವ ಯಾವ ಪಠ್ಯದಲ್ಲೂ ಈ ನಷ್ಟ ನಮೂದಾಗಿದ್ದನ್ನು ನಾನು ಕಂಡಿಲ್ಲ. ಅವರಿಗೆ ಆಪ್ ಕಲಿಯಬೇಕೆಂದು ನಾನು ಒತ್ತಾಯ ಮಾಡಲಿಲ್ಲ. ಪೇಟೆಯ ಕೌಂಟರ್ ಇನ್ನೂ ಇದೆ, ಬಳೆ ಅಂಗಡಿಯೂ ಇದೆ.

ಎರಡನೆಯ ನಿಲುಗಡೆ ಸಿಮ್. ನನ್ನ ಲೆಕ್ಕದಲ್ಲಿ ಇಡೀ ಪಾಠ ಮುಗ್ಗರಿಸುವುದು ಇಲ್ಲೇ. ಯುಪಿಐ ಆಪನ್ನು ಹೊಸದಾಗಿ ಹಾಕಿದಾಗ ಅದು ತಾನೇ ಆ ಫೋನಿನಿಂದ ಒಂದು ಎಸ್‌ಎಂಎಸ್ ಕಳಿಸುತ್ತದೆ. ಕಳಿಸಿದ ಸಿಮ್ಮಿನ ನಂಬರು, ಬ್ಯಾಂಕಿನಲ್ಲಿ ನಿಮ್ಮ ಖಾತೆಗೆ ಬರೆಸಿದ ನಂಬರು, ಎರಡೂ ಒಂದೇ ಆಗಿದ್ದರೆ ಮಾತ್ರ ಖಾತೆ ತೆರೆದುಕೊಳ್ಳುತ್ತದೆ. ಖಾತೆ ತೆರೆದ ಕಾಲಕ್ಕೆ ಅಮ್ಮನಿಗೆ ಫೋನಿರಲಿಲ್ಲ, ಮಗ ತನ್ನ ನಂಬರ್ ಕೊಟ್ಟ. ಈಗ ಆ ನಂಬರಿನ ಸಿಮ್ಮು ಮಗನ ಜೊತೆ ಗೋವಾದಲ್ಲಿದೆ. ಅಮ್ಮನ ಕೈಯಲ್ಲಿ ಹೊಸ ಫೋನಿದೆ, ಪಾಸ್‌ಬುಕ್ಕಿನಲ್ಲಿ ದುಡ್ಡಿದೆ, ನಡುವೆ ದಾರಿಯಿಲ್ಲ. ಎಷ್ಟು ಒತ್ತಿದರೂ ಆಪ್ "ಖಾತೆ ಸಿಗಲಿಲ್ಲ" ಅನ್ನುತ್ತದೆ. ಹೆಂಗಸರು ಅದನ್ನು ತಮ್ಮ ಓದಿನ ಕೊರತೆ ಎಂದು ತಿಳಿದು ಫೋನನ್ನು ಕೆಳಗಿಡುತ್ತಾರೆ. ಎರಡು ಸಿಮ್ ಇರುವ ಫೋನಿನಲ್ಲಿ ಆಪ್ ಯಾವ ಸಿಮ್ ಎಂದು ಕೇಳಿದಾಗ ತಪ್ಪಾಗಿ ಆರಿಸಿದರೂ ಇದೇ ಗತಿ. ಆ ಸಿಮ್ಮಿನಲ್ಲಿ ಎಸ್‌ಎಂಎಸ್ ಹೋಗುವಷ್ಟು ರೀಚಾರ್ಜ್ ಇಲ್ಲದಿದ್ದರೂ ಹೀಗೇ.

ತರಬೇತಿಯ ದಿನ ಇದನ್ನು ಸರಿಪಡಿಸಲಾಗದು. ಬ್ಯಾಂಕಿಗೆ ಹೋಗಿ ಅರ್ಜಿ ಕೊಟ್ಟು ನಂಬರ್ ಬದಲಿಸಿಕೊಂಡು ಬರಬೇಕು. ಆದ್ದರಿಂದ ನನ್ನ ಪಠ್ಯದಲ್ಲಿ ಒಂದು ವಾರ ಮುಂಚಿನ ಸಂಘದ ಸಭೆಗೆಂದೇ ಬೇರೆ ಪುಟ ಸೇರಿಸಿದೆ. ಅದರಲ್ಲಿರುವುದು ಇಷ್ಟೇ: ನಿಮ್ಮ ಖಾತೆಗೆ ಯಾವ ನಂಬರ್ ಇದೆ? ದುಡ್ಡು ಜಮೆಯಾದಾಗ ಮೆಸೇಜು ಯಾರ ಫೋನಿಗೆ ಬರುತ್ತದೆ? ಎರಡನೆಯ ಪ್ರಶ್ನೆಗೆ ಎಲ್ಲರಿಗೂ ಥಟ್ಟನೆ ಉತ್ತರ ಗೊತ್ತು. ಗೃಹಲಕ್ಷ್ಮಿಯ ಎರಡು ಸಾವಿರ ಬಂದದ್ದನ್ನು ಮೊದಲು ಯಾರು ಹೇಳಿದರೆಂದು ನೆನಪಿಸಿಕೊಂಡರೆ ಸಾಕು. ಡೆಬಿಟ್ ಕಾರ್ಡ್ ಇಲ್ಲದವರು ಹಿಂಜರಿಯಬೇಕಾಗಿಲ್ಲ. ಖಾತೆಗೂ ಆಧಾರಿಗೂ ಒಂದೇ ಮೊಬೈಲ್ ನಂಬರ್ ಸೇರಿದ್ದರೆ ಬಹುತೇಕ ಬ್ಯಾಂಕುಗಳಲ್ಲಿ ಆಧಾರ್ ಓಟಿಪಿಯಿಂದಲೂ ಯುಪಿಐ ಪಿನ್ ಮಾಡಿಕೊಳ್ಳಬಹುದು. ಸಂಘದ ಖಾತೆಯಿಂದಲೇ ಕಟ್ಟಿಬಿಡೋಣ ಎಂಬ ಸಲಹೆಯೂ ಬಂತು. ಅಧ್ಯಕ್ಷೆ, ಕಾರ್ಯದರ್ಶಿ ಇಬ್ಬರ ಸಹಿ ಬೇಕಾದ ಖಾತೆ ಈ ಆಪುಗಳಿಗೆ ಒಗ್ಗುವುದಿಲ್ಲ. ಅಲ್ಲಿಗೆ ಆ ಮಾತು ಮುಗಿಯಿತು.

ಇನ್ನು ಫೋನು ತೆಗೆಯಬಹುದು. `Electricity` ಎಂಬಲ್ಲಿ ಬಲ್ಬಿನ ಚಿತ್ರವಿರುತ್ತದೆ, ಓದದೆಯೂ ಗೊತ್ತಾಗುತ್ತದೆ. ಒಳಗೆ ಹೋದರೆ ಕಂಪನಿಗಳ ಪಟ್ಟಿ. ಕರ್ನಾಟಕದ ಸರ್ಕಾರಿ ವಿದ್ಯುತ್ ವಿತರಣಾ ಕಂಪನಿಗಳು ಐದು, ಬೆಂಗಳೂರು, ಮಂಗಳೂರು, ಹುಬ್ಬಳ್ಳಿ, ಕಲಬುರಗಿ, ಮೈಸೂರು ಕೇಂದ್ರಗಳಲ್ಲಿ. ನಾವು ಕರಾವಳಿಯವರಾದರೂ ನಮ್ಮ ಕರೆಂಟು ಮಂಗಳೂರಿನ ಲೆಕ್ಕದಲ್ಲಿಲ್ಲ, ಘಟ್ಟದ ಮೇಲಿನ ಹುಬ್ಬಳ್ಳಿಯ ಲೆಕ್ಕದಲ್ಲಿದೆ. ಭಟ್ಕಳ ದಾಟಿ ಬೈಂದೂರಿಗೆ ಹೋದರೆ `MESCOM`, ಈಚೆ ಭಟ್ಕಳ, ಹೊನ್ನಾವರ, ಕುಮಟೆಗಳಲ್ಲಿ `HESCOM`. ಬೈಂದೂರಿಗೆ ಕೊಟ್ಟ ಮಗಳ ಮನೆಯ ಬಿಲ್ಲನ್ನೂ ಕಟ್ಟುವ ತಾಯಿಗೆ ಈ ಮೊದಲ ಅಕ್ಷರದ ವ್ಯತ್ಯಾಸ ತಿಳಿದಿರಬೇಕು. `H` ಅಕ್ಷರವನ್ನು ಒಬ್ಬರು ತಾವೇ ಗುರುತು ಮಾಡಿಕೊಂಡರು, "ಏಣಿ, ಒಂದೇ ಮೆಟ್ಟಿಲು" ಎಂದು. ಅದು ಎಲ್ಲರಿಗೂ ಹಿಡಿಸಿತು, ಪಠ್ಯಕ್ಕೂ ಸೇರಿತು.

ಅಕೌಂಟ್ ಐಡಿ ಹಾಕಿ ಮುಂದೆ ಒತ್ತಿದರೆ ಮೂರನೆಯ ನಿಲುಗಡೆ. ಎಲ್ಲಕ್ಕಿಂತ ದೊಡ್ಡದು ಇದೇ. ಪರದೆಯ ಮೇಲೆ ಗ್ರಾಹಕರ ಹೆಸರು, ಮೊತ್ತ, ಕೊನೆಯ ದಿನಾಂಕ ಬರುತ್ತವೆ. ಹಣ ಇನ್ನೂ ಎಲ್ಲೂ ಹೋಗಿಲ್ಲ. ಒಂದು ಅಂಕಿ ತಪ್ಪಿ ಬೇರೆ ಮನೆಯ ಬಿಲ್ಲು ಬಂದಿದ್ದರೆ ಅದು ತಿಳಿಯುವುದು ಈ ಹೆಸರಿನಿಂದ, ತಿದ್ದಿಕೊಳ್ಳಲು ಇರುವ ಕೊನೆಯ ಜಾಗವೂ ಇದೇ. ಇದನ್ನು ದಾಟಿ ಹೋದ ಹಣ ಯಾರದೋ ಖಾತೆಗೆ ನ್ಯಾಯವಾಗಿಯೇ ಜಮೆಯಾಗುತ್ತದೆ. ಆಮೇಲೆ ಅದನ್ನು ತಿರುಗಿ ಪಡೆಯಲು ಕಚೇರಿಗೆ ಅಲೆಯಬೇಕು. ಆದ್ದರಿಂದ ದಪ್ಪ ಅಕ್ಷರದಲ್ಲಿ ಬರೆದೆ: "ಹೆಸರನ್ನು ಗಟ್ಟಿಯಾಗಿ ಓದಿ."

ಓದಲು ಹೇಳಿದೆ. ಒಬ್ಬರು ಪರದೆ ನೋಡಿದರು, ನನ್ನ ಮುಖ ನೋಡಿದರು, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಓದು ಬರುವವರೇ. ಹೆಸರು ಗಂಡನದು. ಗಂಡನ ಹೆಸರು ಬಾಯಲ್ಲಿ ಹೇಳದೆ ಮೂವತ್ತು ನಲವತ್ತು ವರ್ಷ ಸಂಸಾರ ಮಾಡಿದವರಿಗೆ ಕರೆಂಟ್ ಬಿಲ್ಲಿನ ನೆಪದಲ್ಲಿ ಹದಿನೈದು ಜನರೆದುರು ಕೂಗಿ ಹೇಳು ಅಂದರೆ? ಇನ್ನೊಬ್ಬರ ಮೀಟರು ಮಾವನ ಹೆಸರಿನಲ್ಲಿದೆ. ಮಾವ ತೀರಿಹೋಗಿ ಎಷ್ಟೋ ವರ್ಷ, ಹೆಸರು ಬದಲಿಸಿಲ್ಲ. ಅದನ್ನೂ ಅವರು ಹೇಳುವವರಲ್ಲ. "ನಮ್ ಮಾವೋರದೇ ಹೆಸ್ರು ಇದು, ನಂಗೆ ಗುತ್ತಾತದೆ" ಅಂದರು, ಅಷ್ಟೆ. ಕೂಡಲೇ ಮೊದಲಿನವರ ಪಕ್ಕದಲ್ಲಿ ಕೂತ ವಾರಗಿತ್ತಿಯೊಬ್ಬಳು ಫೋನು ಇಸಿದುಕೊಂಡು ಭಾವನ ಹೆಸರನ್ನು ಓದಿದಳು. ಆಗ ಹಾದಿ ಸಿಕ್ಕಿತು. ಪಠ್ಯದಲ್ಲಿ ತಿದ್ದಿದೆ: "ಪಕ್ಕದವರ ಕೈಗೆ ಫೋನು ಕೊಡಿ. ಅವರು ಹೆಸರು ಓದಲಿ, ನೀವು ಹೌದು ಅನ್ನಿ." ಒಬ್ಬರ ಕಣ್ಣಿಗಿಂತ ಇಬ್ಬರ ಕಣ್ಣು ಒಳ್ಳೆಯದೇ. ಸಂಪ್ರದಾಯಕ್ಕೆ ಹೆದರಿ ಮಾಡಿದ ಈ ತಿದ್ದುಪಡಿಯಿಂದ ಪಾಠ ಮೊದಲಿಗಿಂತ ಗಟ್ಟಿಯಾಯಿತು. ತೀರಿಹೋದವರ ಹೆಸರಿನಲ್ಲಿ ಬಿಲ್ಲು ಬಂದರೆ ಕಟ್ಟಬಹುದೇ ಎಂದು ಕೆಲವರು ಅಳುಕುತ್ತಿದ್ದರು. ಧಾರಾಳವಾಗಿ ಕಟ್ಟಬಹುದು, ಆಪ್ ನೋಡುವುದು ನಂಬರನ್ನು. ಕೆಲವು ಆಪುಗಳಲ್ಲಿ ಹೆಸರಿನ ನಡುವೆ ಚುಕ್ಕಿ ಹಾಕಿ ಮರೆ ಮಾಡಿರುತ್ತಾರೆ. ಅಲ್ಲಿ ಮೊದಲ ಅಕ್ಷರವನ್ನೂ ಮೊತ್ತವನ್ನೂ ಕಾಗದದ ಬಿಲ್ಲಿಗೆ ಹೋಲಿಸಿ ನೋಡಬೇಕು.

ಇದೇ ಪರದೆಯಲ್ಲಿ ಸೊನ್ನೆ ಬಿಲ್ಲಿನವರಿಗೆ ಇನ್ನೊಂದು ಗಲಿಬಿಲಿ. ಅವರ ನಂಬರ್ ಹಾಕಿದರೆ ಹೆಸರೂ ಬರುವುದಿಲ್ಲ, ಮೊತ್ತವೂ ಬರುವುದಿಲ್ಲ. ಕಟ್ಟಬೇಕಾದ ಬಿಲ್ಲಿಲ್ಲ ಎಂಬ ಅರ್ಥದ ಒಂದು ಇಂಗ್ಲಿಷ್ ಸಾಲು ಕೆಂಪಕ್ಷರದಲ್ಲಿ ಬರುತ್ತದೆ. ಕೆಂಪು ಕಂಡೊಡನೆ ತಪ್ಪಾಯಿತೆಂದು ಹೆದರುತ್ತಾರೆ, ಮತ್ತೆ ಮತ್ತೆ ಹಾಕುತ್ತಾರೆ. ಕಾಗದದ ಮೇಲೆ ಸೊನ್ನೆ ಇದ್ದರೆ ಆ ಕೆಂಪು ಸಾಲೇ ಸರಿಯಾದ ಉತ್ತರ. ಕಾಗದದ ಮೇಲೆ ಮೊತ್ತವಿದ್ದೂ ಆ ಸಾಲು ಬಂದರೆ, ಮೀಟರ್ ಓದಿದ ಲೆಕ್ಕ ಇನ್ನೂ ಆಪಿಗೆ ಬಂದಿಲ್ಲ ಎಂದು ತಿಳಿದು ಒಂದೆರಡು ದಿನ ಬಿಟ್ಟು ನೋಡಬೇಕು, ಅಥವಾ ಮನೆಯಲ್ಲಿ ಬೇರೆ ಯಾರೋ ಆಗಲೇ ಕಟ್ಟಿದ್ದಾರೆಯೇ ಎಂದು ಕೇಳಬೇಕು.

ತರಬೇತಿಗೆ ದಿನ ಗೊತ್ತುಮಾಡುವವರಿಗೂ ಇಲ್ಲಿ ಒಂದು ಮಾತು. ಕಟ್ಟಲು ನಿಜವಾದ ಬಿಲ್ಲಿಲ್ಲದೆ ಈ ಪಾಠವನ್ನು ತೋರಿಸಲಾಗುವುದಿಲ್ಲ. ನಮ್ಮಲ್ಲಿ ಮೀಟರ್ ಓದುವವರು ತಿಂಗಳ ಮೊದಲರ್ಧದಲ್ಲಿ ಬಂದುಹೋಗುತ್ತಾರೆ. ಅವರು ಬಂದ ಮೇಲೆ, ಬಿಲ್ಲಿನ ಕೊನೆಯ ದಿನಾಂಕಕ್ಕೆ ಮೊದಲು, ನಡುವೆ ಸಿಗುವ ಕೆಲವೇ ದಿನಗಳಲ್ಲಿ ತರಬೇತಿ ಇಡಬೇಕು. ತಿಂಗಳ ಕೊನೆಗೆ ಇಟ್ಟರೆ ಎಲ್ಲರ ಫೋನಿನಲ್ಲೂ ಅದೇ ಕೆಂಪು ಸಾಲು.

ನಾಲ್ಕನೆಯದು ಪಿನ್. ಹೆಂಗಸರ ತಲೆಯಲ್ಲಿ ಪಿನ್ ಎಂಬುದು ಮೂರಿವೆ: ಫೋನು ತೆರೆಯುವುದಕ್ಕೆ ಒಂದು, ಎಟಿಎಂಗೆ ಒಂದು, ಯುಪಿಐಗೆ ಒಂದು. ಮೂರನ್ನೂ ಒಂದೇ ಮಾಡಿಕೊಂಡವರಿದ್ದಾರೆ. ಫೋನು ತೆರೆಯುವ ಸಂಖ್ಯೆ ಮೊಮ್ಮಗನಿಗೂ ಗೊತ್ತು, ಅಂದ ಮೇಲೆ ಬ್ಯಾಂಕೂ ಅವನ ಕೈಲಿದ್ದಂತೆ. ಯುಪಿಐ ಪಿನ್ ನಾಲ್ಕೋ ಆರೋ ಅಂಕಿಯದು. ಹಣ ನಮ್ಮಿಂದ ಹೊರಗೆ ಹೋಗಬೇಕಾದಾಗ ಮತ್ತು ಖಾತೆಯಲ್ಲಿ ಎಷ್ಟಿದೆ ಎಂದು ನೋಡಬೇಕಾದಾಗ ಮಾತ್ರ ಅದು ಬೇಕು. ಹಣ ನಮಗೆ ಬರುವುದಕ್ಕೆ ಪಿನ್ ಬೇಡವೇ ಬೇಡ. ಸಬ್ಸಿಡಿ ಬಂದಿದೆ, ಪಿನ್ ಒತ್ತಿ ಎಂದು ಯಾರಾದರೂ ಹೇಳಿದರೆ ಅವರು ಕಳ್ಳರು, ವಿಚಾರಿಸಲು ಏನೂ ಇಲ್ಲ. ಪಿನ್ ಕೇಳುವ ಪುಟದಲ್ಲಿ ಹಣ ಯಾರಿಗೆ, ಎಷ್ಟು ಎಂದು ಬರೆದಿರುತ್ತದೆ. ಅರವತ್ತರ ಬಿಲ್ಲಿಗೆ ಅಲ್ಲಿ ಅರವತ್ತೊಂದೋ ಅರವತ್ತೆರಡೋ ಕಂಡರೆ ಆಪಿನವರು ತಮ್ಮ ಶುಲ್ಕ ಸೇರಿಸಿದ್ದಾರೆ. ಬೇಡವೆಂದರೆ ಹಿಂದಕ್ಕೆ ಬಂದು ಬೇರೆ ಆಪ್ ನೋಡಬಹುದು.

ಕಳ್ಳರ ಮಾತು ಬಂತು. 2022ರಿಂದೀಚೆಗೆ ಊರೂರಿಗೆ ಹರಿದಾಡುತ್ತಿರುವ ಒಂದು ಮೆಸೇಜಿದೆ: ನಿಮ್ಮ ಹಿಂದಿನ ಬಿಲ್ಲು ಜಮೆಯಾಗಿಲ್ಲ, ಇವತ್ತು ರಾತ್ರಿ ಒಂಬತ್ತೂವರೆಗೆ ಕರೆಂಟ್ ಕಡಿಯಲಾಗುವುದು, ಕೂಡಲೇ ನಮ್ಮ ಅಧಿಕಾರಿಯನ್ನು ಈ ನಂಬರಿನಲ್ಲಿ ಸಂಪರ್ಕಿಸಿ. ಫೋನು ಮಾಡಿದರೆ ಆ ಕಡೆಯವನು ಒಂದು ಆಪ್ ಹಾಕಿಸುತ್ತಾನೆ. ಅದರಿಂದ ನಮ್ಮ ಪರದೆ ಅವನಿಗೆ ಕಾಣುತ್ತದೆ. ಆಮೇಲೆ ಪರೀಕ್ಷೆಗೆಂದು ಹತ್ತು ರೂಪಾಯಿ ಕಟ್ಟಲು ಹೇಳುತ್ತಾನೆ. ನಾವು ಒತ್ತಿದ್ದೆಲ್ಲ ಅವನು ನೋಡುತ್ತಿರುತ್ತಾನೆ. ಇದಕ್ಕೆ ಕಾಗಾಲದಲ್ಲಿ ಉಪದೇಶವೇ ಬೇಕಾಗಲಿಲ್ಲ. "ರಾತ್ರಿ ಒಂಬತ್ತೂವರೆಗೆ ಲೈನ್‌ಮನ್ ಬತ್ತನಾ? ಮಳೆಗಾಲ್ದಲ್ಲಿ ಲೈನಿನ ಮೇಲೆ ಮರ ಬಿದ್ದಾಗ ಹಗಲೇ ಸಿಕ್ಕೂದಿಲ್ಲ!" ಎಂದು ಒಬ್ಬಳು ಅಂದಳು. ಸಭೆಯಲ್ಲಿ ಆ ಮೆಸೇಜಿನ ಬೆಲೆ ಅಲ್ಲಿಗೆ ಇಳಿಯಿತು. ನಿಜವಾದ ವಿಚಾರಣೆಗೆ 1912. ದುಡ್ಡು ಹೋದದ್ದು ತಿಳಿದ ಕ್ಷಣಕ್ಕೇ 1930. ಈ ಎರಡು ನಂಬರುಗಳನ್ನೂ ಪಾಸ್‌ಬುಕ್ಕಿನ ಅದೇ ಕೊನೆಯ ಪುಟದಲ್ಲಿ ಬರೆಸಿದೆ. ಗೂಗಲ್ಲಿನಲ್ಲಿ ಸಹಾಯವಾಣಿ ಹುಡುಕಬಾರದು, ಅಲ್ಲಿ ಮೊದಲು ಸಿಗುವುದು ಕಳ್ಳನ ನಂಬರೇ ಆಗಿರಬಹುದು.

ಐದನೆಯ ನಿಲುಗಡೆಯಲ್ಲಿ ಮಾಡುವುದೇನೂ ಇಲ್ಲ, ಅದಕ್ಕೇ ಅದು ಕಷ್ಟ. ಪಿನ್ ಒತ್ತಿದ ಮೇಲೆ ಹಸಿರು ಬಂದರೆ ಆಯಿತು. ಕೆಂಪು ಬಂದರೆ ಆಗಲಿಲ್ಲ. `Pending` ಎಂದು ಹಳದಿ ಬಂದರೆ? ನಮ್ಮೂರಲ್ಲಿ ಇದು ಅಪರೂಪವಲ್ಲ. ಕರೆಂಟು ಹೋಗಿ ತಾಸು ಕಳೆದರೆ ಟವರೂ ಸಾಯುತ್ತದೆ. ಕರೆಂಟಿನ ಬಿಲ್ಲು ಕಟ್ಟಲು ಕರೆಂಟಿಲ್ಲ ಎಂಬ ಸ್ಥಿತಿ ಮಳೆಗಾಲದಲ್ಲಿ ತಮಾಷೆಯ ಮಾತಲ್ಲ. ಖಾತೆಯಿಂದ ದುಡ್ಡು ಕಡಿತವಾದ ಮೆಸೇಜು ಬಂದಿದೆ, ಆಪ್ ಮಾತ್ರ ಹಳದಿಯಲ್ಲೇ ನಿಂತಿದೆ. ಆಗ ಗಾಬರಿಯಿಂದ ಮತ್ತೊಮ್ಮೆ ಕಟ್ಟಿಬಿಡುತ್ತಾರೆ. ಕಟ್ಟಬಾರದು, ಕಾಯಬೇಕು. 2019ರ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕ್ ಇದಕ್ಕೆ ಗಡುವು ಹಾಕಿದೆ. ಯುಪಿಐನಲ್ಲಿ ಇಂಥ ಪಾವತಿಗೆ ಖಾತೆಯಿಂದ ಹಣ ಕಡಿತವಾಗಿ ಅತ್ತ ತಲುಪದೆ ಹೋದರೆ ಐದು ದಿನದೊಳಗೆ ತಾನಾಗಿ ಹಿಂದೆ ಬರಬೇಕು. ತಡವಾದರೆ ದಿನಕ್ಕೆ ನೂರು ರೂಪಾಯಿಯಂತೆ ಬ್ಯಾಂಕಿನವರು ಪರಿಹಾರ ಕೊಡಬೇಕು. ಐದು ದಿನ ಕಾಯುವ ಪುರಸೊತ್ತು ಇರಬೇಕಾದರೆ ಕೊನೆಯ ದಿನಾಂಕದ ಹಿಂದಿನ ರಾತ್ರಿಯವರೆಗೆ ಬಿಲ್ಲನ್ನು ಇಟ್ಟುಕೊಂಡಿರಬಾರದು. ಬಿಲ್ಲು ಬಂದ ವಾರದೊಳಗೆ ಕಟ್ಟಿ ಎಂದು ಹೇಳುವುದರ ಹಿಂದಿನ ಕಾರಣ ಇದೇ, ಶಿಸ್ತು ಕಲಿಸುವ ಉದ್ದೇಶ ನನಗಿಲ್ಲ. ಹಾಗೂ ಎರಡು ಸಲ ಕಟ್ಟಿ ಎರಡೂ ಜಮೆಯಾದರೆ ಹೆಚ್ಚಿನ ಹಣ ಮುಂದಿನ ಬಿಲ್ಲಿನಲ್ಲಿ ವಜಾ ಆಗುತ್ತದೆ. ಆದರೆ ಸೊನ್ನೆ ಬಿಲ್ಲಿನ ಮನೆಯಲ್ಲಿ ಮುಂದಿನ ಬಿಲ್ಲು ಯಾವ ಕಾಲಕ್ಕೋ.

ಇಷ್ಟೆಲ್ಲ ಕಲಿಸಿದ ಮೇಲೆ ಸಂಘದಲ್ಲಿ ನಡೆಯುವುದು ಏನು? ಹದಿನೈದೂ ಮಂದಿ ತಂತಮ್ಮ ಬಿಲ್ಲು ಕಟ್ಟುವುದಿಲ್ಲ. ಒಬ್ಬಿಬ್ಬರು ಕೈ ಪಳಗಿದವರು ಉಳಿದವರದ್ದನ್ನೆಲ್ಲ ಕಟ್ಟಿಕೊಡುತ್ತಾರೆ. ಆಪಿಗೆ ಯಾರ ಅಕೌಂಟ್ ಐಡಿಯಾದರೂ ಸರಿ, ಕಟ್ಟುವವರು ಯಾರೆಂದು ಅದು ಕೇಳುವುದಿಲ್ಲ. ತರಬೇತಿಯ ಗುರಿ ಇದಲ್ಲ ಎಂದು ಪಠ್ಯ ಕಳಿಸಿದವರು ಹೇಳಬಹುದು. ನನಗೆ ಇದರಲ್ಲಿ ತಪ್ಪು ಕಾಣುವುದಿಲ್ಲ. ಸಂಘ ಹುಟ್ಟಿದ್ದೇ ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಒದಗುವುದಕ್ಕೆ. ತಪ್ಪಾಗುವುದು ಲೆಕ್ಕ ಇಡದಿದ್ದಾಗ. "ನಿನ್ನ ಎಂಬತ್ತು ರೂಪಾಯಿ ಕಟ್ಟಿದ್ದೆ", "ನಾ ಮಂಗಳವಾರವೇ ಕೊಟ್ಟಿದ್ದೆ" ಎಂದು ಶುರುವಾದ ಮಾತು ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂಬುದು ಸಂಘ ನಡೆಸಿದವರಿಗೆ ಗೊತ್ತು.

ಹಾಗಾಗಿ ಪಠ್ಯದ ಕೊನೆಯ ಪುಟದಲ್ಲಿ ಫೋನು ಮತ್ತೆ ಇಲ್ಲ, ವಹಿ ಇದೆ. ಉಳಿತಾಯ ಬರೆಯುವ ಅದೇ ವಹಿಯ ಹಿಂಬದಿಯಿಂದ ಗೆರೆ ಎಳೆದು ತಾರೀಕು, ಯಾರ ಬಿಲ್ಲು, ಎಷ್ಟು, ಹಸಿರು ಬಂದ ಮೇಲೆ ಕಾಣುವ ಹನ್ನೆರಡಂಕಿಯ ಯುಪಿಐ ನಂಬರಿನ ಕೊನೆಯ ನಾಲ್ಕು ಅಂಕಿ, ಸಹಿ ಅಥವಾ ಹೆಬ್ಬೆಟ್ಟು. ಮೊದಲು ನಗದು ಕೈಗೆ, ಆಮೇಲೆ ಪಿನ್. ನಾಳೆ ಕೊಡುತ್ತೇನೆ ಎಂಬುದಕ್ಕೆ ಈ ಪುಟದಲ್ಲಿ ಜಾಗವಿಲ್ಲ. ಕಟ್ಟಿಕೊಡುವವರಿಗೆ ಬಿಲ್ಲಿಗೆ ಎರಡು ರೂಪಾಯಿ ಕೊಡಬೇಕೋ ಬೇಡವೋ ಎಂದು ಸಂಘದಲ್ಲಿ ಬಹಳ ಹೊತ್ತು ಚರ್ಚೆಯಾಯಿತು. ನನ್ನ ಅಭಿಪ್ರಾಯ ಕೇಳಿದರು. ಕೊಡಬೇಕು ಅಂದೆ. ಡೇಟಾ ಅವಳದು, ಹೊತ್ತು ಅವಳದು, ತಪ್ಪಾದರೆ ಬೈಗುಳವೂ ಅವಳಿಗೇ. ಪುಕ್ಕಟೆ ಕೆಲಸ ನಾಲ್ಕು ತಿಂಗಳಿಗೆ ನಿಂತುಹೋಗುತ್ತದೆ.

ಸಿಮ್ಮಿನ ತೊಡಕೊಂದು ಮಾತ್ರ ಅಕ್ಕೋರಿಂದಲೂ ಆಗುವುದಿಲ್ಲ, ಸಂಘದಿಂದಲೂ ಆಗುವುದಿಲ್ಲ. ಅದಕ್ಕೇ ಗೋವಾ, ಬೆಂಗಳೂರು, ಮುಂಬಯಿಗಳಲ್ಲಿರುವ ನಮ್ಮ ಕಡೆಯ ಮಕ್ಕಳಲ್ಲಿ ಕೇಳಿಕೊಳ್ಳುತ್ತೇನೆ. ಚೌತಿಗೆ ಊರಿಗೆ ಬರುವಾಗ ಹಬ್ಬದ ಹಿಂದೆ ಮುಂದೆ ಬ್ಯಾಂಕು ತೆರೆದಿರುವ ಒಂದು ದಿನ ಇಟ್ಟುಕೊಳ್ಳಿ. ಅಮ್ಮನ ಪಾಸ್‌ಬುಕ್ಕು, ಆಧಾರ್ ಹಿಡಿದು ಅವಳ ಜೊತೆ ಹೋಗಿ, ಖಾತೆಯಲ್ಲಿರುವ ನಿಮ್ಮ ನಂಬರನ್ನು ತೆಗೆಸಿ ಅವಳ ನಂಬರನ್ನು ಬರೆಸಿ ಕೊಡಿ. ಪಿನ್ ಅವಳೇ ಹಾಕಿಕೊಳ್ಳಲಿ, ನೀವು ಆ ಹೊತ್ತಿಗೆ ಬೇರೆ ಕಡೆ ನೋಡಿ.